ಗ್ರಹಣ, ಬಸುರಿ ಮತ್ತು ಮೆಟ್ಟುಗತ್ತಿ

ಗ್ರಹಣದ ಹೊತ್ತಲ್ಲಿ ಬಸುರಿ ಮೆಟ್ಟುಗತ್ತಿ ಮುಟ್ಟಿದರೆ ಮಗುವಿನ ತುಟಿ ಸೀಳುತ್ತದಂತೆ. ಶಿವಮೊಗ್ಗದಲ್ಲಿ ಹೆರಿಗೆ ವೈದ್ಯೆಯಾದ ನನ್ನ ಕಿವಿಗೆ ಈ ಮಾತು ಬೀಳದ ಗ್ರಹಣವಿಲ್ಲ. ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಲ್ಲಿ ಆ ಹೊತ್ತಿಗೆ ಸೊಸೆಯನ್ನು ಒಳಕೋಣೆಗೆ ಕಳಿಸಿ ಕಿಟಕಿ ಮುಚ್ಚುತ್ತಾರೆ. ಗ್ರಹಣಕ್ಕೆ ವಿಶೇಷ ನಮಾಜು ಮಾಡುವ ಮುಸ್ಲಿಂ ಮನೆಗಳ ಹಿರಿಯ ಹೆಂಗಸರೂ ಕತ್ತಿ ಮುಟ್ಟಬೇಡ ಅನ್ನುತ್ತಾರೆ.

ದೂರದ ಮೆಕ್ಸಿಕೋದಲ್ಲೂ ಸೀಳುತುಟಿಗೆ ಗ್ರಹಣವೇ ಕಾರಣ ಎಂಬ ನಂಬಿಕೆ ಇದೆ. ಆದರೆ ಅಲ್ಲಿನ ಬಸುರಿಯರು ಹೊಟ್ಟೆಯ ಬಳಿ ಬಟ್ಟೆಗೆ ಸೇಫ್ಟಿ ಪಿನ್ ಚುಚ್ಚಿಕೊಳ್ಳುತ್ತಾರೆ. ಹಿಂದೆ ಆಜ್ಟೆಕ್ ಜನ ಹೊಟ್ಟೆಯ ಮೇಲೆ ಹರಿತವಾದ ಕಪ್ಪು ಕಲ್ಲಿನ ಚೂರು ಇಡುತ್ತಿದ್ದರು. ನಮ್ಮಲ್ಲಿ ದೂರ ಇಡುವ ಹರಿತದ ವಸ್ತುವೇ ಅಲ್ಲಿ ಮಗುವಿಗೆ ಕಾವಲು!

ಮಗುವಿನ ಮೇಲ್ದುಟಿ ಕೂಡಿಕೊಳ್ಳುವುದು ಗರ್ಭದ 4ರಿಂದ 7ನೇ ವಾರದೊಳಗೆ. ಎಷ್ಟೋ ಜನರಿಗೆ ಬಸುರಿ ಎಂದು ಗೊತ್ತಾಗುವುದೇ ಆಗ. ಒಮ್ಮೆ ಕೂಡಿದ ತುಟಿ ಏಳನೇ ತಿಂಗಳಲ್ಲಿ ಮತ್ತೆ ಸೀಳುವುದಿಲ್ಲ. ವಂಶವಾಹಿ, ಬಸುರಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಧೂಮಪಾನ, ಮೂರ್ಛೆರೋಗದ ಕೆಲವು ಮಾತ್ರೆಗಳು ಸೀಳುತುಟಿಯ ಅಪಾಯ ಹೆಚ್ಚಿಸುತ್ತವೆ. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ಆಗ "ಅವತ್ತು ಏನು ಹೆಚ್ಚಿದೆ?" ಎಂದು ಬಾಣಂತಿಯನ್ನು ಕೇಳುತ್ತಾರಲ್ಲ, ಅದು ನನಗೆ ತಡೆಯಲಾಗದ ಸಂಕಟ.

ಒಂದು ದಿನ ತರಕಾರಿ ಹೆಚ್ಚದಿದ್ದರೆ ಯಾರಿಗೂ ನಷ್ಟವಿಲ್ಲ. ನನಗೆ ಭಯ ಉಪವಾಸದ್ದು. ಚಂದ್ರಗ್ರಹಣಕ್ಕೆ ಊಟ ಮಾಡಬಾರದ ವೇಧೆಯ ಹೊತ್ತು ಮೂರು ಯಾಮ, ಅಂದರೆ ಸುಮಾರು 9 ಗಂಟೆ ಮೊದಲೇ ಶುರು. 2025ರ ಸೆಪ್ಟೆಂಬರ್ 7ರ ಗ್ರಹಣದ ಸ್ಪರ್ಶ ರಾತ್ರಿ 9.57ಕ್ಕೆ, ಮೋಕ್ಷ 1.26ಕ್ಕೆ. ಮಧ್ಯಾಹ್ನ ಒಂದಕ್ಕೆ ಊಟ ನಿಲ್ಲಿಸಿದರೆ ಮೋಕ್ಷದ ಸ್ನಾನ ಮುಗಿಯುವವರೆಗೆ 12 ಗಂಟೆಗೂ ಜಾಸ್ತಿ ಖಾಲಿ ಹೊಟ್ಟೆ.

ಆಗ ಬಂದಿದ್ದ ಒಬ್ಬರಿಗೆ ಏಳು ತಿಂಗಳು, ಬಸುರಿ ಸಕ್ಕರೆಗೆ ಮೂರು ಹೊತ್ತೂ ಊಟದ ಮುಂಚೆ ಇನ್ಸುಲಿನ್. ರಾತ್ರಿ ಊಟ ಬಿಟ್ಟು ಚುಚ್ಚುಮದ್ದು ಮಾತ್ರ ತೆಗೆದುಕೊಳ್ಳುವ ಯೋಚನೆ ಅವರದು. ಹಾಗೆ ಮಾಡಿದ್ದರೆ ಸಕ್ಕರೆ ಕುಸಿದು ಕೈ ನಡುಕ, ಬೆವರು, ಕಣ್ಣು ಮಂಜು ಶುರುವಾಗುತ್ತಿತ್ತು. ಕತ್ತಲೆ ಕೋಣೆಯಲ್ಲಿ ಮಲಗಿದವರಿಗೆ ಇದು ಬರೀ ಸುಸ್ತು ಅನ್ನಿಸಿಬಿಡುತ್ತದೆ.

ಜೊತೆಗೆ ಬಂದಿದ್ದ ಅತ್ತೆಗೆ ನಾನು ಶಾಸ್ತ್ರವನ್ನೇ ನೆನಪಿಸಿದೆ. ಮಕ್ಕಳು, ಮುದುಕರು, ಕಾಯಿಲೆಯವರಿಗೆ ವೇಧೆಯಲ್ಲಿ ರಿಯಾಯಿತಿ ಇದೆ, ಪಂಚಾಂಗದಲ್ಲೂ ಬರೆದಿರುತ್ತಾರೆ ಅಲ್ವಾ ಅಮ್ಮ, ಅಂದೆ. ಅವರು ಒಪ್ಪಿದರು. ರಾತ್ರಿ ಎಂಟಕ್ಕೆ ಇನ್ಸುಲಿನ್, ಕೂಡಲೇ ಊಟ, ಹತ್ತೂವರೆಗೆ ಒಂದು ಲೋಟ ಹಾಲು ಎಂದು ನಿಗದಿ ಮಾಡಿದೆವು. ಹಾಲಿಗೆ ದರ್ಭೆ ಹಾಕಿಡುತ್ತೇನೆ ಎಂದರು ಅತ್ತೆ. ಧಾರಾಳವಾಗಿ ಹಾಕಿ ಅಂದೆ. ಗ್ಲುಕೋಮೀಟರ್ ಪಕ್ಕದಲ್ಲೇ ಇರಲಿ, 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಆ ಚೀಟಿಯನ್ನು ಅತ್ತೆಯೇ ತೆಗೆದುಕೊಂಡರು.