64 ಮಕ್ಕಳು, ಎರಡು ಚಾಕ್‌ಪೀಸ್ ಡಬ್ಬ

ಬಾಗೇಪಲ್ಲಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಒಂಬತ್ತನೇ ತರಗತಿಯಲ್ಲಿ 64 ಮಕ್ಕಳು, ಎಲ್ಲರೂ ಒಂದೇ ಕೊಠಡಿಯಲ್ಲಿ. ಕೆಲವು ವರ್ಷಗಳ ಹಿಂದೆ ಎರಡು ವಾರ ಒಂದು ಲೆಕ್ಕ ಇಟ್ಟೆ. ಯಾರು ಉತ್ತರ ಹೇಳಿದರೋ ಅವರ ಹೆಸರಿನ ಮುಂದೆ ಒಂದು ಗೀಟು. ಕೊನೆಗೆ ನೋಡಿದರೆ ಗೀಟೆಲ್ಲಾ 11 ಹೆಸರುಗಳ ಮುಂದೆಯೇ ಇದ್ದವು. ಉಳಿದ 53 ಮಕ್ಕಳ ದನಿ ಎರಡು ವಾರ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಕೈ ಎತ್ತಿದವರನ್ನೇ ಕೇಳುತ್ತಾ ಹೋದರೆ ಹೀಗೇ ಆಗುತ್ತದೆ.

ಹಾಜರಿ ನಂಬರಿನ ಪ್ರಕಾರ ಕೇಳಿ ನೋಡಿದೆ. ಮಕ್ಕಳು ಜಾಣರು. ಇವತ್ತು 17ರಿಂದ ಶುರು ಅಂದರೆ 20ನೇ ನಂಬರಿನ ಹುಡುಗ ನಾಲ್ಕನೇ ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಂಡು ಕೂತಿರುತ್ತಾನೆ. 40ನೇ ನಂಬರಿನವಳು ಅವತ್ತು ನಿಶ್ಚಿಂತೆ.

ಆಮೇಲೆ ಚೀಟಿ ಎತ್ತುವುದು ಶುರು ಮಾಡಿದೆ. ಎತ್ತಿದ ಚೀಟಿಯನ್ನು ಅದೇ ಡಬ್ಬಕ್ಕೆ ವಾಪಸ್ ಹಾಕುತ್ತಿದ್ದೆ, ಅದೇ ತಪ್ಪಾಯಿತು. ಯಾರಿಗೂ ಭೇದವಿಲ್ಲ ಅಂತ ಕಾಣುತ್ತದೆ, ಆದರೆ ಲೆಕ್ಕ ಹಾಕಿ ನೋಡಿ. ಒಂದು ಸಲ ಎತ್ತಿದಾಗ ಒಂದು ಮಗುವಿನ ಹೆಸರು ಬಾರದೇ ಇರುವ ಸಾಧ್ಯತೆ 63/64. 64 ಸಲ ಎತ್ತಿದರೂ ಬಾರದೇ ಇರುವ ಸಾಧ್ಯತೆ ಅದನ್ನೇ 64 ಸಲ ಗುಣಿಸಿದಷ್ಟು, ಅಂದರೆ ಸುಮಾರು 0.365. ತರಗತಿಗೆ ಒಟ್ಟು ಹಿಡಿದರೆ ಸುಮಾರು 23 ಮಕ್ಕಳು. 64 ಪ್ರಶ್ನೆ ಕೇಳಿ ಮುಗಿದರೂ 23 ಮಕ್ಕಳಿಗೆ ಒಂದು ಸಲವೂ ಸರದಿ ಬಂದಿಲ್ಲ, ಕೆಲವರಿಗೆ ಮೂರು ನಾಲ್ಕು ಸಲ ಬಂದಿದೆ. ಎಲ್ಲರಿಗೂ ಒಂದೊಂದಾದರೂ ಬರಬೇಕೆಂದರೆ ಸರಾಸರಿ 300ಕ್ಕಿಂತ ಜಾಸ್ತಿ ಸಲ ಎತ್ತಬೇಕು. ದಿನಕ್ಕೆ ಐದು ಪ್ರಶ್ನೆಯಂತೆ 60 ಪೀರಿಯಡ್. ಅಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆಯೇ ಬಂದುಬಿಡುತ್ತದೆ.

ಹಾಗಾಗಿ ಈಗ ನನ್ನ ಮೇಜಿನ ಮೇಲೆ ಎರಡು ಖಾಲಿ ಚಾಕ್‌ಪೀಸ್ ಡಬ್ಬ ಇವೆ. ಒಂದು 'ಇನ್ನೂ', ಇನ್ನೊಂದು 'ಆಯ್ತು'. ಹಳೇ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಒಂದೇ ಅಳತೆಯ 64 ಚೀಟಿ ಮಾಡಿದ್ದೇನೆ. ಮಡಚಿದ ಕಾಗದದ ಚೀಟಿ ಬೇಡ. ನಾಲ್ಕು ದಿನಕ್ಕೆ ಮುದುಡಿ, ಮುಟ್ಟಿದರೇ ಹಳೆಯದು ಯಾವುದು ಹೊಸದು ಯಾವುದು ಗೊತ್ತಾಗುತ್ತದೆ. 'ಇನ್ನೂ' ಡಬ್ಬದಿಂದ ಎತ್ತಿದ್ದು ಉತ್ತರ ಬಂದಮೇಲೆ 'ಆಯ್ತು' ಡಬ್ಬಕ್ಕೆ ಹೋಗುತ್ತದೆ. ಮೊದಲನೇ ಡಬ್ಬ ಖಾಲಿಯಾದರೆ ಒಂದು ಸುತ್ತು ಮುಗಿಯಿತು.

ಇಷ್ಟೇ ಆಗಿದ್ದರೆ ಈ ಅಂಕಣ ಬರೆಯುವ ಅಗತ್ಯ ಇರಲಿಲ್ಲ. ಮೊದಲ ಸುತ್ತಿನಲ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಉತ್ತರ ಹೇಳಿ ಕೂತ ಮಗು ಪೆನ್ನು ಕೆಳಗಿಡುತ್ತದೆ. ಸರದಿ ಮುಗಿಯಿತಲ್ವಾ, ಇನ್ನು ಈ ಸುತ್ತು ಮುಗಿಯುವವರೆಗೆ ತನ್ನನ್ನು ಕೇಳುವುದಿಲ್ಲ ಅಂತ ಅದಕ್ಕೆ ಗೊತ್ತು. ಸುತ್ತು ಅರ್ಧ ದಾಟಿದಾಗ ಅರ್ಧ ತರಗತಿ ಪೆನ್ನು ಕೆಳಗಿಟ್ಟಿತ್ತು. ಪ್ರಶ್ನೆ ಕೇಳಿದ ತಕ್ಷಣ ಎಷ್ಟು ಮಕ್ಕಳು ನೋಟ್‌ಬುಕ್ಕಿನಲ್ಲಿ ಗೀಚಲು ಶುರು ಮಾಡುತ್ತಾರೆ ಅಂತ ಹಿಂದಿನ ಸಾಲಿನಿಂದ ನೋಡಿ, ನಿಮಗೂ ಇದು ಕಾಣುತ್ತದೆ.

ಅದಕ್ಕೆ ನಾನು ಕಂಡುಕೊಂಡ ದಾರಿ ಇದು. ದಿನದ ಐದು ಪ್ರಶ್ನೆಯಲ್ಲಿ ನಾಲ್ಕಕ್ಕೆ 'ಇನ್ನೂ' ಡಬ್ಬ, ಒಂದಕ್ಕೆ 'ಆಯ್ತು' ಡಬ್ಬ. ಆ ಒಂದು ಯಾವಾಗ ಅಂತ ಹೇಳುವುದಿಲ್ಲ. ಒಂದು ದಿನ ಮೊದಲನೇ ಪ್ರಶ್ನೆಗೇ, ಇನ್ನೊಂದು ದಿನ ಬೆಲ್ ಹೊಡೆಯುವ ಮುಂಚೆ. ಇದರಿಂದ ಸುತ್ತು ಸ್ವಲ್ಪ ಉದ್ದ ಆಗುತ್ತದೆ. 13 ಪೀರಿಯಡ್‌ನಲ್ಲಿ ಮುಗಿಯುತ್ತಿದ್ದದ್ದು 16 ಆಗುತ್ತದೆ. ವಾರಕ್ಕೆ ಆರು ಪೀರಿಯಡ್ ಅಂದರೆ ಮೂರು ವಾರದ ಒಳಗೇ. ಆ ಮೂರು ಪೀರಿಯಡ್ ಕೊಟ್ಟು ಇಡೀ ತರಗತಿಯ ಗಮನ ಉಳಿಸಿಕೊಂಡೆ ಅಂತ ನನಗೆ ಸಮಾಧಾನ ಇದೆ.

ಸುತ್ತಿನ ಕೊನೆಯಲ್ಲಿ ತೊಂದರೆ ಉಲ್ಟಾ ಆಗುತ್ತದೆ. ನಾಲ್ಕೇ ಚೀಟಿ ಉಳಿದಾಗ ಆ ನಾಲ್ಕು ಮಕ್ಕಳಿಗೆ ಇವತ್ತು ತಮ್ಮದೇ ಅಂತ ಖಾತ್ರಿ ಆಗಿಬಿಡುತ್ತದೆ. ಅವರಲ್ಲೊಬ್ಬ ಅವತ್ತು ಶಾಲೆಗೇ ಬರಲಿಲ್ಲ. ಈಗ ನಾಲ್ಕು ಉಳಿದಾಗ, ಹಿಂದಿನ ದಿನವೇ, 'ಆಯ್ತು' ಡಬ್ಬದಿಂದ ಎಂಟು ಚೀಟಿ ಕಣ್ಣುಮುಚ್ಚಿ ಎತ್ತಿ ಅದಕ್ಕೆ ಸೇರಿಸುತ್ತೇನೆ. ಹನ್ನೆರಡರಲ್ಲಿ ಯಾರು ಬರುತ್ತಾರೋ ಯಾರಿಗೂ ಗೊತ್ತಿರುವುದಿಲ್ಲ. ಆ ಎಂಟು ಮಕ್ಕಳ ಈ ಉತ್ತರವನ್ನು ಮುಂದಿನ ಸುತ್ತಿಗೆ ಜಮೆ ಮಾಡಿ, ಹೊಸ ಸುತ್ತನ್ನು 56 ಚೀಟಿಯಿಂದ ಶುರು ಮಾಡುತ್ತೇನೆ.

ಬಾರದೇ ಇರುವ ಮಕ್ಕಳ ವಿಷಯದಲ್ಲಿ ನಾನು ತುಂಬಾ ಬಿಗಿ. ನಮ್ಮ ಕಡೆ ರೇಷ್ಮೆ ಹುಳು ಹಣ್ಣಾದರೆ, ಟೊಮೆಟೊ ಕೊಯ್ಲಿಗೆ ಬಂದರೆ, ಮನೆಯಲ್ಲಿ ಮಕ್ಕಳ ಕೈಯೂ ಬೇಕಾಗುತ್ತದೆ. ಅಂಥ ದಿನ ಆ ಹೆಸರು ಬಂದು, ಚೀಟಿ ಸುಮ್ನೆ 'ಆಯ್ತು' ಡಬ್ಬಕ್ಕೆ ಬಿದ್ದರೆ ಆ ಮಗುವಿನ ಸರದಿ ಹೋಯಿತು. ಪಾಠ ತಪ್ಪಿಸಿಕೊಂಡ ಮಗುವಿಗೇ ಸರದಿಯೂ ತಪ್ಪುತ್ತದೆ. ಅದೇ ಡಬ್ಬಕ್ಕೆ ವಾಪಸ್ ಹಾಕಿದರೆ ಅವತ್ತೇ ಮತ್ತೆ ಕೈಗೆ ಬರಬಹುದು. ಹಾಗಾಗಿ ಅದನ್ನು ಹಾಜರಿ ಪುಸ್ತಕಕ್ಕೆ ಕ್ಲಿಪ್ ಹಾಕಿ ಇಡುತ್ತೇನೆ. ಮಗು ಬಂದ ದಿನ ಬೆಳಿಗ್ಗೆ ಹಾಜರಿ ಕರೆಯುವಾಗಲೇ ಅದು 'ಇನ್ನೂ' ಡಬ್ಬಕ್ಕೆ ಹೋಗುತ್ತದೆ. ಮೇಲೆ ಹಾಕಿ ಬಿಟ್ಟರೆ ಮೇಲಿರುವುದೇ ಕೈಗೆ ಸಿಗುತ್ತದೆ, ಅದಕ್ಕೇ ಚೀಟಿಗಳನ್ನೆಲ್ಲಾ ಮೇಜಿನ ಮೇಲೆ ಸುರಿದು ಕಲಸಿ ತುಂಬಬೇಕು.

ಕ್ರಮ ಒಂದನ್ನು ಮಾತ್ರ ಎಂದೂ ತಪ್ಪಿಸಬೇಡಿ. ಮೊದಲು ಪ್ರಶ್ನೆ, ಆಮೇಲೆ ಕಾಯುವುದು, ಆಮೇಲೆ ಚೀಟಿ. ಹೆಸರು ಮೊದಲು ಕರೆದರೆ ಉಳಿದ 63 ತಲೆಗಳು ಅಲ್ಲಿಗೇ ನಿಲ್ಲುತ್ತವೆ. ಪ್ರಶ್ನೆ ಕೇಳಿ ಒಂದು ಸೆಕೆಂಡಿಗೇ ಉತ್ತರ ಬೇಕೆನ್ನುವ ನಮ್ಮ ಅಭ್ಯಾಸವನ್ನು ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಅಳೆದು ತೋರಿಸಿದರು. ಮೂರು ಸೆಕೆಂಡ್ ಕಾದರೂ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ ಅಂತ ಅವರು ಕಂಡುಕೊಂಡಿದ್ದರು. ನಾನು ಇನ್ನೂ ಜಾಸ್ತಿ ಕಾಯುತ್ತೇನೆ, ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಿಕೊಳ್ಳಲು ಬಿಡುತ್ತೇನೆ. ಆಗ ಒಬ್ಬರೇ ಉತ್ತರ ಹೇಳಿದರೂ 64 ಬಾಯಿ ಮಾತಾಡಿರುತ್ತವೆ.

ಚೀಟಿ ನಾನು ಎತ್ತುವುದಿಲ್ಲ. ಈಗಷ್ಟೇ ಉತ್ತರ ಹೇಳಿದ ಮಗು ಬಂದು ಮುಂದಿನದನ್ನು ಎತ್ತಿ ಓದುತ್ತದೆ. ಒಮ್ಮೆ ನಾನೇ ಎತ್ತಿ, ಹೆಸರು ನೋಡಿ, ಈ ಹುಡುಗನಿಗೆ ಬರುವುದಿಲ್ಲ, ಟೈಮ್ ಹೋಗುತ್ತದೆ ಅಂತ ಚೀಟಿಯನ್ನು ಮೆಲ್ಲಗೆ ಒಳಗೆ ಬಿಟ್ಟೆ. ಮುಂದಿನ ಬೆಂಚಿನವರು ನೋಡಿದರು. ಅವನೂ ನೋಡಿದ. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ.

'ಗೊತ್ತಿಲ್ಲ ಮಿಸ್' ಅಂದ ಮಗುವಿನ ಚೀಟಿ ಮೇಜಿನ ಮೇಲೇ ಉಳಿಯುತ್ತದೆ. ಇನ್ನೊಬ್ಬರನ್ನು ಕೇಳಿ, ಆಮೇಲೆ ಈ ಮಗುವಿನ ಹತ್ತಿರವೇ ವಾಪಸ್ ಬಂದು, ಕೇಳಿದ್ದನ್ನು ನಿನ್ನ ಮಾತಿನಲ್ಲಿ ಹೇಳು ಅನ್ನುತ್ತೇನೆ. ಹೇಳಿದಮೇಲೇ ಅದು 'ಆಯ್ತು'. ಮಾತು ತೊದಲುವ ಹುಡುಗನೊಬ್ಬನಿದ್ದಾನೆ. ಅವನ ಚೀಟಿಯನ್ನು ತೆಗೆದಿಡಲಿಲ್ಲ, ತೆಗೆದಿಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಅವನು ಬೋರ್ಡಿನ ಮೇಲೆ ಬರೆದು ತೋರಿಸುತ್ತಾನೆ, ಬೇಕಾದವರು ಯಾರು ಬೇಕಾದರೂ ಹಾಗೆ ಬರೆಯಬಹುದು.

ಈ ಜುಲೈನಲ್ಲಿ (a + b)² ನಡೆಯುತ್ತಿತ್ತು. ಬೋರ್ಡಿನ ಮೇಲೆ ದೊಡ್ಡ ಚೌಕ ಬರೆದು, ನಾಲ್ಕು ಭಾಗ ಮಾಡಿ, 2ab ಅಂತ ಯಾಕೆ ಬಂತು, ಬರೀ ab ಯಾಕಲ್ಲ ಅಂತ ಕೇಳಿದೆ. ಚೀಟಿ ಕೊನೆ ಸಾಲಿನ ಹುಡುಗಿಯದು. ಮನೆಯಲ್ಲಿ ತೆಲುಗು ಮಾತಾಡುವ ಮಗು, ಕನ್ನಡದಲ್ಲಿ ಹೇಳಲು ಹಿಂಜರಿಕೆ. ಎದ್ದು ನಿಂತು ಸುಮ್ಮನಿದ್ದಳು. ತೆಲುಗಲ್ಲೇ ಹೇಳಮ್ಮ ಅಂದೆ. ಬೋರ್ಡಿನ ಹತ್ತಿರ ಬಂದು ಎರಡು ಆಯತಗಳ ಮೇಲೂ ಬೆರಳಿಟ್ಟು, "ಆ ರೆಂಡೂ ಒಕಟೇ ಮಿಸ್" ಅಂದಳು. ಆ ಎರಡೂ ಒಂದೇ. ಆಮೇಲೆ ಡಬ್ಬಕ್ಕೆ ಕೈ ಹಾಕಿ, ಮುಂದಿನ ಹೆಸರನ್ನು ಗಟ್ಟಿಯಾಗಿ ಓದಿದಳು.