ತುಂಡು ವಾಕ್ಯಗಳನ್ನು ಹೆಣೆಯುವುದು: ಬೆಸುಗೆ ಇರುವುದು ಕ್ರಿಯಾಪದದಲ್ಲಿ

ಈ ಟಿಪ್ಪಣಿಗೆ ಒಂದೇ ಪ್ಯಾರಾ ಸಾಕು. ಪ್ರಬಂಧದ ಉತ್ತರಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯದು:

"ಕೋಲಾರದಲ್ಲಿ ಚಿನ್ನದ ಗಣಿಗಳಿದ್ದವು. ಗಣಿಗಳ ಯಂತ್ರಗಳು ಹಬೆಯಿಂದ ನಡೆಯುತ್ತಿದ್ದವು. ಇಂಧನದ ವೆಚ್ಚ ಹೆಚ್ಚಾಗಿತ್ತು. ಶಿವನಸಮುದ್ರದಲ್ಲಿ ಕಾವೇರಿ ನದಿ ಧುಮುಕುತ್ತದೆ. ಅಲ್ಲಿ ವಿದ್ಯುತ್ ಕೇಂದ್ರ ಕಟ್ಟಲಾಯಿತು. ಅದು 1902ರಲ್ಲಿ ಕೆಲಸ ಆರಂಭಿಸಿತು. ವಿದ್ಯುತ್ ಸುಮಾರು 150 ಕಿ.ಮೀ. ದೂರದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂತು. ಬೇಸಿಗೆಯಲ್ಲಿ ನದಿಯ ನೀರು ಕಡಿಮೆಯಾಗುತ್ತಿತ್ತು. ವಿದ್ಯುತ್ ಉತ್ಪಾದನೆ ಕುಸಿಯುತ್ತಿತ್ತು. 1911ರಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಶುರುವಾಯಿತು."

ಹನ್ನೊಂದು ವಾಕ್ಯ. ವ್ಯಾಕರಣದ ತಪ್ಪು ಒಂದೂ ಇಲ್ಲ, ಮಾಹಿತಿಯೂ ಸರಿ. ಆದರೂ ಓದಿದರೆ ಪಟ್ಟಿ ಓದಿದ ಹಾಗಾಗುತ್ತದೆ. ಇದಕ್ಕೆ ಎರಡು ಕಾರಣ. ಒಂದು, ಹತ್ತು ವಾಕ್ಯಗಳು ಮೂರರಿಂದ ಐದು ಪದಗಳ ಒಳಗೇ ಮುಗಿಯುತ್ತವೆ, ಒಂದು ಮಾತ್ರ ಏಳಕ್ಕೆ ಹೋಗಿದೆ. ಹಾಗಾಗಿ ಒಂದೇ ಅಳತೆಯ ಹೆಜ್ಜೆಗಳು. ಇನ್ನೊಂದು, ಇದಕ್ಕಿಂತ ದೊಡ್ಡದು: ಯಾವ ಸಂಗತಿ ಯಾವುದಕ್ಕೆ ಕಾರಣ, ಯಾವುದು ಯಾವುದಕ್ಕೆ ಅಡ್ಡಿ ಎಂಬುದನ್ನು ಬರೆದವರು ಹೇಳಿಲ್ಲ. ಆ ಕೆಲಸ ಓದುವವರ ತಲೆಗೆ ಬಿದ್ದಿದೆ.

ಮೊದಲು ಅಂಚಿನಲ್ಲಿ ಗುರುತು

ತಿದ್ದಲು ಕೂತ ಕೂಡಲೇ "ಆದ್ದರಿಂದ", "ಹಾಗೂ" ತುರುಕಬೇಡಿ. ಎರಡೆರಡು ವಾಕ್ಯಗಳ ನಡುವಿನ ಸಂಬಂಧವನ್ನು ಅಂಚಿನಲ್ಲಿ ಒಂದೇ ಪದದಲ್ಲಿ ಬರೆಯಿರಿ: ಕಾರಣ, ಆಮೇಲೆ, ವಿರೋಧ, ವಿವರ. ಮೇಲಿನ ಪ್ಯಾರಾದಲ್ಲಿ 2ರಿಂದ 3ಕ್ಕೆ "ಕಾರಣ". 4ನೆಯದು 5ನೆಯದರ ಜಾಗದ "ವಿವರ" ಅಷ್ಟೇ, ಅದಕ್ಕೆ ಸ್ವಂತ ವಾಕ್ಯ ಬೇಕಿಲ್ಲ. 8ರಿಂದ 9ಕ್ಕೆ "ವಿರೋಧ". 9ರಿಂದ 10ಕ್ಕೆ ಮತ್ತೆ "ಕಾರಣ".

3ರಿಂದ 4ಕ್ಕೆ? ಇಂಧನ ದುಬಾರಿಯಾದದ್ದಕ್ಕೂ ಕಾವೇರಿ ಧುಮುಕುವುದಕ್ಕೂ ನೇರ ಸಂಬಂಧವಿಲ್ಲ. ಅಲ್ಲಿ ಒಂದು ಕೊಂಡಿ ಕಾಣೆಯಾಗಿದೆ. ಇಂಥ ಜಾಗದಲ್ಲಿ ಸಂಯೋಜಕ ಹಾಕಿದರೆ ಬಿರುಕಿಗೆ ಸುಣ್ಣ ಬಳಿದಂತೆ. ಬೇಕಾಗಿರುವುದು ಹೊಸದೊಂದು ಪುಟ್ಟ ವಾಕ್ಯ.

ಅಂಚಿನ ಪದ ನಿಜವೇ ಎಂದೂ ನೋಡಿಕೊಳ್ಳಬೇಕು, ಏಕೆಂದರೆ ಪ್ರತಿ ಸಂಯೋಜಕವೂ ಒಂದು ಹೇಳಿಕೆ. 10 ಮತ್ತು 11ನೆಯ ವಾಕ್ಯಗಳ ನಡುವೆ "ಆದ್ದರಿಂದ" ಹಾಕಿದರೆ, ಕನ್ನಂಬಾಡಿ ಕಟ್ಟೆ ಎದ್ದದ್ದು ವಿದ್ಯುತ್ತಿಗಾಗಿ ಮಾತ್ರ ಎಂದಂತಾಗುತ್ತದೆ. ನೀರಾವರಿಯೂ ಅದರ ಗುರಿಯಾಗಿತ್ತು. ತುಂಡು ವಾಕ್ಯಗಳಲ್ಲಿ ಇಲ್ಲದ ಸುಳ್ಳು ಬೆಸುಗೆಯಲ್ಲಿ ಹುಟ್ಟಿಬಿಡುತ್ತದೆ.

"ಮತ್ತು" ಯಾಕೆ ಕೂರುವುದಿಲ್ಲ

ಮೊದಲ ತಿದ್ದುಪಡಿ ಹೆಚ್ಚಾಗಿ ಹೀಗಿರುತ್ತದೆ: "ಅಲ್ಲಿ ವಿದ್ಯುತ್ ಕೇಂದ್ರ ಕಟ್ಟಲಾಯಿತು ಮತ್ತು ಅದು 1902ರಲ್ಲಿ ಕೆಲಸ ಆರಂಭಿಸಿತು." ವಾಕ್ಯ ಉದ್ದವಾಯಿತು, ಆದರೆ ಹರಿಯಲಿಲ್ಲ. "ಮತ್ತು" ಹೆಸರುಗಳ ನಡುವೆ ಹೊಂದುತ್ತದೆ: ಅಕ್ಕಿ ಮತ್ತು ಬೇಳೆ. ಅಲ್ಲಿ ಕೂಡ ಮನೆಮಾತು "ಅಕ್ಕಿಯೂ ಬೇಳೆಯೂ" ಎನ್ನುತ್ತದೆ. ಎರಡು ಪೂರ್ಣ ಕ್ರಿಯಾಪದಗಳ ನಡುವೆ ಅದನ್ನು ಇಟ್ಟರೆ ಅನುವಾದದ ವಾಸನೆ ಹೊಡೆಯುತ್ತದೆ. ಕನ್ನಡದಲ್ಲಿ ಕ್ರಿಯೆಗಳು ಕೂಡುವುದು ಮೊದಲ ಕ್ರಿಯಾಪದದ ಬಾಲ ಬದಲಾಗಿ. "ಹೋದನು ಮತ್ತು ತಂದನು" ಅನ್ನುವುದಿಲ್ಲ, "ಹೋಗಿ ತಂದನು".

ವ್ಯಾಕರಣದಲ್ಲಿ ಇವನ್ನು ಕೃದಂತಾವ್ಯಯ ಎನ್ನುತ್ತಾರೆ: ಮಾಡಿ, ಮಾಡುತ್ತಾ, ಮಾಡದೆ, ಮಾಡಲು. ಇವುಗಳ ಜೊತೆಗೆ ಮಾಡಿದಾಗ, ಮಾಡಿದ್ದರಿಂದ, ಮಾಡಿದರೆ, ಮಾಡಿದರೂ ಎಂಬ ರೂಪಗಳನ್ನೂ ಸೇರಿಸಿಕೊಂಡರೆ ದಿನಬಳಕೆಯ ಬೆಸುಗೆಗಳು ಬಹುಪಾಲು ಸಿಕ್ಕವು. "ಆದರೆ", "ಹಾಗಾಗಿ", "ಅಷ್ಟರಲ್ಲಿ" ಮುಂತಾದ ಬಿಡಿ ಪದಗಳ ಸರದಿ ಆಮೇಲಿನದು.

"ಮಾಡಿ" ರೂಪದ ಕಟ್ಟುಪಾಡು

ಹೆಚ್ಚು ಬಳಕೆಯಾಗುವುದೂ ಹೆಚ್ಚು ಕೆಡುವುದೂ ಇದೇ. "ಗಂಟೆ ಹೊಡೆದು ಮಕ್ಕಳು ಹೊರಗೆ ಓಡಿದರು" ಎಂದು ಬರೆದರೆ ಗಂಟೆ ಹೊಡೆದವರು ಮಕ್ಕಳೇ ಆಗುತ್ತಾರೆ! "ಹೊಡೆದು" ಎಂಬ ರೂಪ ತನ್ನ ಕರ್ತೃವನ್ನು ಮುಂದಿನ ಕ್ರಿಯಾಪದದಿಂದ ಸಾಲ ಪಡೆಯುತ್ತದೆ. ಎರಡು ಕ್ರಿಯೆಗಳ ಕರ್ತೃ ಬೇರೆ ಬೇರೆಯಾದರೆ ರೂಪ ಬದಲಾಗಬೇಕು: "ಗಂಟೆ ಹೊಡೆದ ಕೂಡಲೇ ಮಕ್ಕಳು ಹೊರಗೆ ಓಡಿದರು."

ಹಾಗಾದರೆ "ಮಳೆ ಬಂದು ರಸ್ತೆ ಕೆಸರಾಯಿತು" ತಪ್ಪೇ? ಅಲ್ಲ. "ಬಿಸಿಲು ಹೆಚ್ಚಾಗಿ ಗಿಡ ಬಾಡಿತು" ಕೂಡ ಸರಿ. ಇಲ್ಲಿ ಯಾರೂ ಬೇಕೆಂದು ಮಾಡಿದ್ದಲ್ಲ, ಒಂದು ತಾನಾಗಿ ಆಯಿತು, ಅದರಿಂದ ಇನ್ನೊಂದು ಆಯಿತು. ಇಂಥ ಕಡೆ ಭಾಷೆ ಸಡಿಲ ಬಿಡುತ್ತದೆ. ಕೊನೆಯ ಕ್ರಿಯಾಪದ ಇಚ್ಛೆಯಿಂದ ಮಾಡುವ ಕೆಲಸವಾದರೆ ಸಡಿಲ ಹೋಯಿತು: "ಮಳೆ ಬಂದು ನಾವು ಕೊಡೆ ತೆಗೆದೆವು" ಎಡವುತ್ತದೆ, "ಮಳೆ ಬಂದದ್ದರಿಂದ ನಾವು ಕೊಡೆ ತೆಗೆದೆವು" ನಿಲ್ಲುತ್ತದೆ. ನಿಮ್ಮ ಬರಹದಲ್ಲಿ ಪ್ರತಿ "ಮಾಡಿ" ರೂಪದ ಕೆಳಗೂ ಗೆರೆ ಎಳೆದು "ಯಾರು?" ಎಂದು ಕೇಳಿ. ಉತ್ತರವೂ ಕೊನೆಯ ಕ್ರಿಯಾಪದದ ಕರ್ತೃವೂ ಒಂದೇ ಆಗಿರಬೇಕು, ಇಲ್ಲವೇ ಎರಡೂ ತಾನಾಗಿ ಆಗುವ ಸಂಗತಿಗಳಾಗಿರಬೇಕು.

ಇನ್ನೊಂದು ಕೆಡುಕು ಸರಪಳಿಯದು. "ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಟ್ಟೆ ಹಾಕಿಕೊಂಡು, ಬಸ್ಸು ಹತ್ತಿ, ಪರೀಕ್ಷೆ ಬರೆದನು." ಒತ್ತು ಬೀಳುವುದು ಕೊನೆಯ ಪೂರ್ಣ ಕ್ರಿಯಾಪದದ ಮೇಲೆ ಮಾತ್ರ, ಉಳಿದವೆಲ್ಲ ಅದಕ್ಕೆ ಮೆಟ್ಟಿಲು. ಐದು ಮೆಟ್ಟಿಲು ಹತ್ತಿಸಿದರೆ ಮೇಲೇನಿದೆ ಎಂಬ ಕುತೂಹಲವೇ ಸತ್ತುಹೋಗುತ್ತದೆ. ಎರಡು, ಹೆಚ್ಚೆಂದರೆ ಮೂರು ಸಾಕು. ಮುಖ್ಯವಾದ ಕ್ರಿಯೆಯನ್ನು ನಡುವೆ "ಮಾಡಿ" ರೂಪದಲ್ಲಿ ಹೂತುಹಾಕಿದ್ದೀರಾ ಎಂದೂ ನೋಡಿ. "ಪರೀಕ್ಷೆಯಲ್ಲಿ ಪಾಸಾಗಿ ಮನೆಗೆ ಬಂದನು" ಎಂಬಲ್ಲಿ ಸುದ್ದಿ ಮನೆಗೆ ಬಂದದ್ದಾಗುತ್ತದೆ, ಪಾಸಾದದ್ದು ದಾರಿಯಲ್ಲಿ ಸಿಕ್ಕ ಸಂಗತಿ.

ವಿವರವನ್ನು ಹೆಸರಿನ ಹಿಂದೆ ಕಟ್ಟುವುದು

ಅಂಚಿನಲ್ಲಿ "ವಿವರ" ಎಂದು ಗುರುತಾದ ವಾಕ್ಯಗಳು ಕೃದಂತನಾಮಕ್ಕೆ ಸಲ್ಲುತ್ತವೆ: ಮಾಡುವ, ಮಾಡಿದ, ಮಾಡದ. "ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತದೆ" ಎಂಬ ಇಡೀ ವಾಕ್ಯ "ಶಿವನಸಮುದ್ರದಲ್ಲಿ ಧುಮುಕುವ ಕಾವೇರಿ" ಎಂದು ಮಡಚಿಕೊಳ್ಳುತ್ತದೆ. ಒಂದು ಹೆಸರಿಗೆ ಒಂದು ಮಡಿಕೆ ಸಲೀಸು, ಎರಡನ್ನು ಓದುಗರು ತಡೆದುಕೊಳ್ಳುತ್ತಾರೆ. ಮೂರಾದರೆ, ಯಾವುದರ ಬಗ್ಗೆ ಮಾತು ಎಂದು ತಿಳಿಯುವ ಮೊದಲೇ ಅಷ್ಟೂ ವಿಶೇಷಣ ಹೊತ್ತು ನಡೆಯಬೇಕು, ಏಕೆಂದರೆ ಕನ್ನಡದಲ್ಲಿ ಹೆಸರು ಬರುವುದು ಕೊನೆಗೆ.

ಆದರೂ, ಆದರೆ

"ಮಳೆ ಬಂದರೂ ಕೆರೆ ತುಂಬಲಿಲ್ಲ." "ಮಳೆ ಬಂತು. ಆದರೆ ಕೆರೆ ತುಂಬಲಿಲ್ಲ." ಅರ್ಥ ಒಂದೇ, ತೂಕ ಬೇರೆ. ಮೊದಲನೆಯದರಲ್ಲಿ ಮಳೆ ಹಿನ್ನೆಲೆಗೆ ಸರಿಯುತ್ತದೆ. ಎರಡನೆಯದರಲ್ಲಿ ಮಳೆ ಒಂದು ಘಟನೆಯಾಗಿ ನಿಂತು, ಆಮೇಲೆ ನಿರಾಸೆ ಬರುತ್ತದೆ. ಹಿಂದಿನ ಸಂಗತಿ ಓದುಗರಿಗೆ ಗೊತ್ತಿದ್ದರೆ "ಬಂದರೂ", ಹೊಸದಾಗಿದ್ದರೆ ಪೂರ್ಣವಿರಾಮ ಇಟ್ಟು "ಆದರೆ". ಹಾಗೆಂದು ಒಂದೇ ಪ್ಯಾರಾದಲ್ಲಿ ಎರಡು "ಆದರೆ" ಬಂದರೆ ವಾದ ಆ ಕಡೆ ಈ ಕಡೆ ತೂಗಾಡುತ್ತದೆ.

ಕಣ್ಣಿಗೆ ಬೀಳದ ಸಂಯೋಜಕವೂ ಒಂದಿದೆ, ಪದದ ತುದಿಯ "ಊ". "ಅದಲ್ಲದೆ ಬೆಂಗಳೂರಿಗೆ ಕೂಡ" ಎನ್ನುವ ಕಡೆ "ಬೆಂಗಳೂರಿಗೂ" ಸಾಕು. ಹಿಂದಿನ ವಾಕ್ಯದ ಗಣಿಗಳನ್ನು ಅದೇ ನೆನಪಿಸುತ್ತದೆ. ಹಾಗೆಯೇ "ಈ ಕೊರತೆ", "ಆ ನೀರು" ಎಂದು ಹಿಂದಿನ ವಾಕ್ಯದ ತುದಿಯನ್ನು ಹಿಡಿದು ಮುಂದಿನದನ್ನು ಆರಂಭಿಸುವುದೂ ಬೆಸುಗೆಯೇ. ಬರೀ "ಅದು" ಎಂದರೆ ಮಾತ್ರ ಅಪಾಯ. ಮೇಲಿನ ಪ್ಯಾರಾದ "ಅದು 1902ರಲ್ಲಿ" ಎಂಬಲ್ಲಿ ಕೇಂದ್ರ ಎಂದು ತಿಳಿಯುತ್ತದೆ ನಿಜ, ಆದರೆ ಹಿಂದೆ ಎರಡು ನಪುಂಸಕ ಹೆಸರುಗಳಿದ್ದರೆ ಓದುಗರು ನಿಂತು ಹುಡುಕಬೇಕಾಗುತ್ತದೆ.

ಪ್ಯಾರಾವನ್ನು ಮತ್ತೆ ಕಟ್ಟಿದಾಗ

"ಕೋಲಾರದ ಚಿನ್ನದ ಗಣಿಗಳಲ್ಲಿ ಯಂತ್ರಗಳು ಹಬೆಯಿಂದ ನಡೆಯುತ್ತಿದ್ದುದರಿಂದ ಇಂಧನಕ್ಕೇ ಬಹಳ ಹಣ ಹೋಗುತ್ತಿತ್ತು. ಅಗ್ಗದ ಶಕ್ತಿ ಇದ್ದದ್ದು ದೂರದಲ್ಲಿ. ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯ ದಡದಲ್ಲಿ ಕೇಂದ್ರವೊಂದನ್ನು ಕಟ್ಟಿ, 1902ರಲ್ಲಿ ಅಲ್ಲಿಂದ ಸುಮಾರು 150 ಕಿ.ಮೀ. ಆಚೆಯ ಗಣಿಗಳಿಗೆ ತಂತಿಯಲ್ಲಿ ವಿದ್ಯುತ್ ಹರಿಸಲಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುತ್ ದೀಪ ಬಂತು. ಆದರೆ ಬೇಸಿಗೆಯಲ್ಲಿ ನದಿ ಸೊರಗಿದಾಗಲೆಲ್ಲ ವಿದ್ಯುತ್ ಉತ್ಪಾದನೆಯೂ ಕುಸಿಯುತ್ತಿತ್ತು. ಈ ಕೊರತೆಯನ್ನು ನೀಗಿಸುವುದೂ 1911ರಲ್ಲಿ ಶುರುವಾದ ಕನ್ನಂಬಾಡಿ ಅಣೆಕಟ್ಟೆಯ ಉದ್ದೇಶಗಳಲ್ಲೊಂದು."

ಹನ್ನೊಂದು ವಾಕ್ಯ ಆರಾಗಿದೆ. ಬಿಡಿ ಸಂಯೋಜಕ "ಆದರೆ" ಒಂದೇ, ಉಳಿದ ಕೆಲಸವನ್ನೆಲ್ಲ ಕ್ರಿಯಾಪದದ ಬಾಲಗಳೂ "ಊ"ಗಳೂ "ಈ ಕೊರತೆ"ಯೂ ಮಾಡಿವೆ. ಕಾಣೆಯಾಗಿದ್ದ ಕೊಂಡಿಯ ಜಾಗಕ್ಕೆ "ಅಗ್ಗದ ಶಕ್ತಿ ಇದ್ದದ್ದು ದೂರದಲ್ಲಿ" ಬಂದಿದೆ. "ಕಟ್ಟಿ... ಹರಿಸಲಾಯಿತು" ಎಂಬಲ್ಲಿ ಎರಡನ್ನೂ ಮಾಡಿದವರು ಒಬ್ಬರೇ, ಆದ್ದರಿಂದ ರೂಪ ಸರಿ. "ಕೇಂದ್ರ ಕೆಲಸ ಆರಂಭಿಸಿ, ವಿದ್ಯುತ್ ಹರಿಸಲಾಯಿತು" ಎಂದಿದ್ದರೆ ಕರ್ತೃ ಜಾರುತ್ತಿತ್ತು. ಕೊನೆಯ ವಾಕ್ಯದ "ನೀಗಿಸುವುದೂ" ಎಂಬಲ್ಲಿನ "ಊ", ಬೇರೆ ಉದ್ದೇಶಗಳೂ ಇದ್ದವು ಎಂಬ ಸತ್ಯವನ್ನು ಕಾಪಾಡುತ್ತದೆ.

ಇನ್ನು ಲಯ. ಪದ ಎಣಿಸಿದರೆ 10, 4, 16, 6, 7, 8. ಕನ್ನಡದ ಪದಗಳಿಗೆ ಪ್ರತ್ಯಯಗಳು ಅಂಟಿಕೊಂಡಿರುವುದರಿಂದ ಹದಿನಾರು ಪದವೇ ಉದ್ದದ ವಾಕ್ಯ, ಇಪ್ಪತ್ತು ದಾಟಿದರೆ ಗಟ್ಟಿಯಾಗಿ ಓದುವಾಗ ಉಸಿರು ಸಾಲದು. ನಾಲ್ಕು ಪದದ ವಾಕ್ಯ ಉದ್ದದ ವಾಕ್ಯಕ್ಕೆ ಮೊದಲು ಬಂದು ನೆಲ ಗಟ್ಟಿ ಮಾಡುತ್ತದೆ, ಅದನ್ನು ಪಕ್ಕದ್ದಕ್ಕೆ ಬೆಸೆಯಲು ಹೋಗಬಾರದು. ವಾಕ್ಯದ ತುದಿಗಳನ್ನೂ ಕೇಳಿಸಿಕೊಳ್ಳಿ. ಮೊದಲ ಕರಡಿನಲ್ಲಿ ಸಾಲಾಗಿ ಎರಡು "ತ್ತಿತ್ತು" ಇದ್ದವು, ಕಿವಿಗೆ ಅದು ಮದ್ದಲೆಯ ಒಂದೇ ಏಟು. ಈಗ ಕೊನೆಯ ವಾಕ್ಯ ಕ್ರಿಯಾಪದವೇ ಇಲ್ಲದೆ "ಲ್ಲೊಂದು" ಎಂದು ನಿಲ್ಲುತ್ತದೆ. "ಆಗಿತ್ತು" ಸೇರಿಸಿದರೆ ತಪ್ಪಲ್ಲ, ಆದರೆ ಮತ್ತದೇ ಏಟು.

ಬಾಲದ 6, 7, 8 ಮಾತ್ರ ಸ್ವಲ್ಪ ಸಪ್ಪೆ. ಕೊನೆಯ ಎರಡನ್ನು ಕೂಡಿಸಬಹುದು: "ಬೇಸಿಗೆಯಲ್ಲಿ ನದಿ ಸೊರಗಿದಾಗಲೆಲ್ಲ ಕುಸಿಯುತ್ತಿದ್ದ ಉತ್ಪಾದನೆಯನ್ನು ಸರಿದೂಗಿಸುವುದೂ 1911ರಲ್ಲಿ ಶುರುವಾದ ಕನ್ನಂಬಾಡಿ ಅಣೆಕಟ್ಟೆಯ ಉದ್ದೇಶಗಳಲ್ಲೊಂದು." ವ್ಯಾಕರಣಕ್ಕೆ ಒಪ್ಪಿತ, ಉದ್ದವೂ ಮಿತಿಯಲ್ಲಿದೆ. ಆದರೆ ಬೇಸಿಗೆಯ ತೊಂದರೆ ಈಗ ಅಣೆಕಟ್ಟೆಯ ಮಾತಿಗೆ ವಿಶೇಷಣವಾಗಿ ಕುಗ್ಗಿತು, "ಆದರೆ" ಕೊಡುತ್ತಿದ್ದ ತಿರುವೂ ಹೋಯಿತು. ಪ್ರಬಂಧ ಅಣೆಕಟ್ಟೆಯ ಬಗ್ಗೆಯಾದರೆ ಕೂಡಿಸಿ. ವಿದ್ಯುತ್ತಿನ ಬಗ್ಗೆಯಾದರೆ ಎರಡಾಗಿಯೇ ಬಿಡಿ.