ಬಿಪಿ ಮಿಷನ್ನಿನ ಫೋಟೊಗಳಿಂದ ಸರಾಸರಿ ಒತ್ತಡ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಅಪ್ಪ ಐದು ದಿನ ಬೆಳಿಗ್ಗೆ ಬಿಪಿ ನೋಡಿಕೊಂಡು, ಮಿಷನ್ನಿನ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಇದರಿಂದ ಮೀನ್ ಆರ್ಟೀರಿಯಲ್ ಪ್ರೆಶರ್, ಅಂದರೆ ರಕ್ತನಾಳದ ಸರಾಸರಿ ಒತ್ತಡ, ಲೆಕ್ಕ ಹಾಕಬಹುದಾ? ಐದನೇ ದಿನದ ಫೋಟೊದಲ್ಲಿ 135/34 ಅಂತ ಕಂಡು, ಲೆಕ್ಕ ಹಾಕಿದರೆ 68 ಬಂತು, ಗಾಬರಿಯಾಗಿದೆ. ಪಲ್ಸ್ ಇಳಿಯುತ್ತಿದೆಯಾ ಅಂತ ಹೇಗೆ ತಿಳಿಯುವುದು?

ಉತ್ತರ: ಹಾಕಬಹುದು. MAP ಅಂದರೆ ಮೀನ್ ಆರ್ಟೀರಿಯಲ್ ಪ್ರೆಶರ್, SYS ಅಂದರೆ ಮೇಲಿನ ಬಿಪಿ, DIA ಅಂದರೆ ಕೆಳಗಿನ ಬಿಪಿ. ಸೂತ್ರ ಇಷ್ಟೇ:

```
MAP = DIA + (SYS − DIA) ÷ 3
```

ಮೂರರಿಂದ ಯಾಕೆ ಭಾಗಿಸಬೇಕು? ನಾವು ಸುಮ್ನೆ ಕೂತಿರುವಾಗ ಹೃದಯ ಹಿಂಡುವುದಕ್ಕಿಂತ ಸಡಿಲವಾಗಿರುವ ಹೊತ್ತೇ ಜಾಸ್ತಿ, ಸುಮಾರು ಮೂರರಲ್ಲಿ ಎರಡು ಪಾಲು. ಅದಕ್ಕೇ ಸರಾಸರಿ ಕೆಳಗಿನ ಬಿಪಿಯ ಕಡೆ ವಾಲುತ್ತದೆ. ಪಲ್ಸ್ ತುಂಬಾ ಜೋರಾಗಿದ್ದರೆ ಸಡಿಲವಾಗುವ ಹೊತ್ತು ಕಡಿಮೆಯಾಗಿ, ಈ ಸೂತ್ರ ಸ್ವಲ್ಪ ಕಡಿಮೆ ತೋರಿಸುತ್ತದೆ.

ನಿಮ್ಮ ಅಪ್ಪನ ಮೊದಲ ದಿನದ 152/90, ಪಲ್ಸ್ 88 ಬಿಟ್ಟುಬಿಡಿ. ಮನೆಯಲ್ಲಿ ಬಿಪಿ ನೋಡುವಾಗ ಮೊದಲ ದಿನವನ್ನು ಲೆಕ್ಕಕ್ಕೆ ಹಿಡಿಯದಿರುವುದು ವಾಡಿಕೆ. ಉಳಿದವು 138/84, 141/87, 132/81, 135/84. ಎರಡನೇ ದಿನ 138ರಲ್ಲಿ 84 ಕಳೆದರೆ 54, ಅದರ ಮೂರನೇ ಒಂದು ಪಾಲು 18, ಅದನ್ನು 84ಕ್ಕೆ ಕೂಡಿಸಿದರೆ 102. ಹೀಗೇ ಮುಂದಿನವು 105, 98, 101. ನಾಲ್ಕು ದಿನದ ಸರಾಸರಿ 101.5.

ಆದರೆ ಐದನೇ ದಿನದ ಫೋಟೊದಲ್ಲಿ ನೀವು 84 ಅನ್ನು 34 ಅಂತ ಓದಿದ್ದೀರಿ. ಟ್ಯೂಬ್‌ಲೈಟಿನ ಬೆಳಕು ಪರದೆ ಮೇಲೆ ಹೊಳೆದರೆ ಅಂಕಿಯ ಒಂದೆರಡು ಗೆರೆ ಮಾಯವಾಗುತ್ತವೆ. ಎಡಗಡೆಯ ಗೆರೆಗಳು ಹೋದರೆ 8 ಸೀದಾ 3 ಆಗುತ್ತದೆ. ಹಾಗೆ ಓದಿದ್ದಕ್ಕೇ ಅವತ್ತಿನ ಲೆಕ್ಕ 68ಕ್ಕೆ ಬಿದ್ದು ನೀವು ಗಾಬರಿಯಾಗಿದ್ದು. ಇದನ್ನು ಹಿಡಿಯಲು ಮೇಲಿನದರಲ್ಲಿ ಕೆಳಗಿನದನ್ನು ಕಳೆದು ನೋಡಿ. ಬೇರೆ ದಿನ 51, 54 ಇದ್ದ ವ್ಯತ್ಯಾಸ ಒಮ್ಮೆಲೇ 101 ಆಯಿತು ಅಂದರೆ ಫೋಟೊ ದೊಡ್ಡದು ಮಾಡಿ ಮತ್ತೆ ಓದಬೇಕು. ಮೂಲೆಯಲ್ಲಿ M ಗುರುತು ಇದೆಯಾ ಅಂತಲೂ ನೋಡಿ. ಎಷ್ಟೋ ಮಿಷನ್ನುಗಳಲ್ಲಿ ಅದಿದ್ದರೆ ಮೆಮೊರಿಯಿಂದ ತೆಗೆದ ಹಳೇ ರೀಡಿಂಗ್ ಎಂದರ್ಥ.

ಪಲ್ಸ್ 76, 74, 73, 72. ಇಳಿದಂತೆ ಕಾಣುತ್ತದೆ, ಅಲ್ವಾ? ಆದರೆ ನಾಲ್ಕು ಬಡಿತದ ವ್ಯತ್ಯಾಸಕ್ಕೆ ಒಂದು ಲೋಟ ಕಾಫಿ ಸಾಕು. ದಿನಾ ಅದೇ ಹೊತ್ತಿಗೆ, ಐದು ನಿಮಿಷ ಕೂತ ಮೇಲೆ ತೆಗೆದ ಒಂದೆರಡು ವಾರದ ಅಂಕಿ ಇದ್ದರೆ ಮಾತ್ರ ಇಳಿಕೆ ಅನ್ನಬಹುದು. ಬಡಿತ ಏರುಪೇರಾಗಿದೆ ಎಂದು ಮಿಷನ್ ಪದೇಪದೇ ಗುರುತು ತೋರಿಸಿದರೆ ಆ ಅಂಕಿಗಳನ್ನೇ ನಂಬಬೇಡಿ, ಡಾಕ್ಟರಿಗೆ ತಿಳಿಸಿ.

ಇನ್ನೊಂದು ಮಾತು. 135/84ಕ್ಕೂ 101 ಬರುತ್ತದೆ, 159/72ಕ್ಕೂ 101 ಬರುತ್ತದೆ. ಎರಡನೆಯದರಲ್ಲಿ ಮೇಲಿನ ಬಿಪಿ ಸಾಕಷ್ಟು ಜಾಸ್ತಿ, ವಯಸ್ಸಾದವರಲ್ಲಿ ಹೀಗಾಗುವುದು ಸಾಮಾನ್ಯ. ಡಾಕ್ಟರಿಗೆ ತೋರಿಸುವಾಗ ಮೇಲಿನ ಬಿಪಿ, ಕೆಳಗಿನ ಬಿಪಿ, ಪಲ್ಸ್ ಮೂರೂ ಅಂಕಿಗಳನ್ನು ತಾರೀಖಿನ ಸಮೇತ ಬರೆದುಕೊಂಡು ಹೋಗಿ. ನಿಮ್ಮ ಅಪ್ಪನ ನಾಲ್ಕು ದಿನದ ಸರಾಸರಿ 136.5/84. ಮನೆಯ ಅಳತೆಗೆ ಸಾಮಾನ್ಯವಾಗಿ ಹಿಡಿಯುವ ಗಡಿ 135/85, ಹಾಗಾಗಿ ಮೇಲಿನದು ಕೂದಲೆಳೆಯಷ್ಟು ದಾಟಿದೆ.